ಮಾಡಿದವರು ಯಾರು, ಹೇಳದೆ ಬಿಟ್ಟಿದ್ದು ಯಾವುದು: 1975ರ ಒಂದು ರೇಡಿಯೊ ಭಾಷಣವನ್ನು ಬಿಡಿಸಿ ನೋಡುವುದು

ಪ್ರಶ್ನೆ: ಮೇಡಂ, ಎಂ.ಎ. ತರಗತಿಗೆ ಒಂದು ರಾಜಕೀಯ ಭಾಷಣದ ಸಂಕಥನ ವಿಶ್ಲೇಷಣೆ ಬರೆದುಕೊಡಬೇಕು. ಎರಡು ಸಲ ಬರೆದೆ. ಒಂದು ಸಲ ಬರೀ ಸಾರಾಂಶ ಆಯ್ತು, ಇನ್ನೊಂದು ಸಲ ನನ್ನದೇ ರಾಜಕೀಯ ಅಭಿಪ್ರಾಯ ಆಯ್ತು. ಭಾಷೆ ಅರ್ಥವನ್ನು ಕಟ್ಟುತ್ತೆ ಅಂತಾರಲ್ಲ, ಅದನ್ನು ವಾಕ್ಯದಲ್ಲೇ ತೋರಿಸೋದು ಹೇಗೆ? ಒಂದು ನಿಜವಾದ ಭಾಷಣ ಇಟ್ಟುಕೊಂಡು ಮಾಡಿ ತೋರಿಸ್ತೀರಾ?

ಉತ್ತರ: ಖಂಡಿತ. ನಾನು ತೆಗೆದುಕೊಳ್ಳುವುದು 1975ರ ಜೂನ್ 26ರ ಬೆಳಗ್ಗೆ ಇಂದಿರಾ ಗಾಂಧಿ ಆಕಾಶವಾಣಿಯಲ್ಲಿ ಮಾಡಿದ ಭಾಷಣ. ತುರ್ತು ಪರಿಸ್ಥಿತಿ ಜಾರಿಯಾಗಿದೆ ಎಂದು ದೇಶಕ್ಕೆ ತಿಳಿಸಿದ ಭಾಷಣ ಅದು. ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಅದು ತುಂಬ ಚಿಕ್ಕದು, ಸುಮಾರು ಮೂವತ್ತು ವಾಕ್ಯ. ಒಂದೊಂದನ್ನೂ ನೋಡಬಹುದು. ಜೊತೆಗೆ, ಆ ಭಾಷಣದ ಸುತ್ತ ಏನು ನಡೆಯಿತು ಎಂಬುದು ನ್ಯಾಯಾಲಯದ ತೀರ್ಪುಗಳಲ್ಲಿ, ಸರ್ಕಾರಿ ಆದೇಶಗಳಲ್ಲಿ ದಾಖಲಾಗಿದೆ. ಹಾಗಾಗಿ ನಾವು ಹೇಳುವುದನ್ನು ಪರೀಕ್ಷೆ ಮಾಡಲು ಜಾಗವಿದೆ. ನಾನು ಇಟ್ಟುಕೊಂಡಿರುವುದು ಇಂಗ್ಲಿಷ್ ಪಾಠ. ಕೆಳಗಿನ ಕನ್ನಡ ನನ್ನದು. ಯಾರು ಏನು ಮಾಡಿದರು ಎಂಬುದು ಮೂಲದಲ್ಲಿ ಹೇಗಿದೆಯೋ ಹಾಗೆಯೇ ಉಳಿಯಬೇಕು ಎಂದು ಕೆಲವು ಕಡೆ ಕನ್ನಡವನ್ನು ಸ್ವಲ್ಪ ಒರಟಾಗಿಯೇ ಬಿಟ್ಟಿದ್ದೇನೆ.

ಮೊದಲ ಕೆಲಸ ಬಹಳ ಸರಳ. ಭಾಷಣವನ್ನು ಒಂದು ಸಾಲಿಗೆ ಒಂದು ವಾಕ್ಯದಂತೆ ಬರೆದುಕೊಂಡು ಸಂಖ್ಯೆ ಹಾಕಿ. ಸಾರಾಂಶ ಬರೆಯುವ ಚಟ ಇಲ್ಲೇ ನಿಲ್ಲುತ್ತದೆ, ಯಾಕೆಂದರೆ ಈಗ ನೀವು ಪ್ರತಿ ವಾಕ್ಯಕ್ಕೂ ಉತ್ತರ ಕೊಡಬೇಕು. ಆಮೇಲೆ ಇನ್ನೊಂದು ಹಾಳೆಯಲ್ಲಿ ಹಿಂದಿನ ಎರಡು ವಾರದ ಘಟನೆಗಳನ್ನು ತಾರೀಕಿನ ಜೊತೆ ಬರೆದುಕೊಳ್ಳಿ. ಈ ಎರಡನೇ ಹಾಳೆ ಇಲ್ಲದಿದ್ದರೆ ಭಾಷಣದಲ್ಲಿ ಏನು ಇಲ್ಲ ಎಂಬುದು ನಿಮಗೆ ಕಾಣುವುದೇ ಇಲ್ಲ.

ಆ ಹಾಳೆಯಲ್ಲಿ ಇರಬೇಕಾದದ್ದು ಇಷ್ಟು. ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ ಅವರು, 1971ರಲ್ಲಿ ರಾಯ್‌ಬರೇಲಿಯಿಂದ ಇಂದಿರಾ ಅವರು ಗೆದ್ದಿದ್ದ ಚುನಾವಣೆಯನ್ನು ಅಸಿಂಧು ಎಂದರು. ಅರ್ಜಿ ಹಾಕಿದ್ದವರು ಸೋತ ಅಭ್ಯರ್ಥಿ ರಾಜ್ ನಾರಾಯಣ್. ಸರ್ಕಾರಿ ನೌಕರಿಯಲ್ಲಿದ್ದ ಯಶಪಾಲ್ ಕಪೂರ್ ಅವರನ್ನು ಚುನಾವಣೆ ಕೆಲಸಕ್ಕೆ ಬಳಸಿಕೊಂಡಿದ್ದು, ಪ್ರಚಾರದ ವೇದಿಕೆ ಕಟ್ಟಲು ಸರ್ಕಾರಿ ಅಧಿಕಾರಿಗಳ ನೆರವು ಪಡೆದಿದ್ದು, ಇವು ಸಾಬೀತಾದ ತಪ್ಪುಗಳು. ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ ಎಂದೂ ಆಯಿತು. ಅದೇ ಹೊತ್ತಿಗೆ ಗುಜರಾತ್ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಬಹುಮತ ಕಳೆದುಕೊಂಡಿತು. ಜೂನ್ 24ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಹೈಕೋರ್ಟ್ ತೀರ್ಪಿಗೆ ಷರತ್ತಿನ ತಡೆ ಕೊಟ್ಟರು. ಪ್ರಧಾನಿಯಾಗಿ ಮುಂದುವರಿಯಬಹುದು, ಆದರೆ ಲೋಕಸಭೆಯಲ್ಲಿ ಮತ ಹಾಕುವಂತಿಲ್ಲ. ಜೂನ್ 25ರ ಸಂಜೆ ದೆಹಲಿಯ ರಾಮಲೀಲಾ ಮೈದಾನದಲ್ಲಿ ಸರ್ಕಾರದ ವಿರುದ್ಧದ ಚಳವಳಿಯ ನಾಯಕ ಜಯಪ್ರಕಾಶ್ ನಾರಾಯಣ್, ಅಂದರೆ ಜೆ.ಪಿ., ಭಾಷಣ ಮಾಡಿದರು. ಕಾನೂನಿಗೆ ವಿರುದ್ಧವಾದ ಆದೇಶ ಬಂದರೆ ಪಾಲಿಸಬೇಡಿ ಎಂದು ಪೊಲೀಸರಿಗೂ ಸೈನಿಕರಿಗೂ ಕರೆ ಕೊಟ್ಟರು. ಅದೇ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಘೋಷಣೆಗೆ ಸಹಿ ಹಾಕಿದರು. ಬೆಳಗಾಗುವ ಮೊದಲೇ ಬಂಧನಗಳು ಶುರುವಾಗಿದ್ದವು. ಸಚಿವ ಸಂಪುಟಕ್ಕೆ ವಿಷಯ ಗೊತ್ತಾಗಿದ್ದು ಮರುದಿನ ಬೆಳಗ್ಗೆ ಆರು ಗಂಟೆಯ ಸಭೆಯಲ್ಲಿ.

ಈಗ ಭಾಷಣ. ಅದು ಶುರುವಾಗುವುದು ಹೀಗೆ: "ರಾಷ್ಟ್ರಪತಿಯವರು ತುರ್ತು ಪರಿಸ್ಥಿತಿ ಘೋಷಿಸಿದ್ದಾರೆ. ಗಾಬರಿಯಾಗುವಂಥದ್ದೇನೂ ಇಲ್ಲ."

ಮೊದಲ ವಾಕ್ಯಕ್ಕೆ ಕೇಳಬೇಕಾದ ಪ್ರಶ್ನೆ, ಕರ್ತೃ ಯಾರು? ರಾಷ್ಟ್ರಪತಿ. ಇದು ಸುಳ್ಳಲ್ಲ. ಸಂವಿಧಾನದ 352ನೇ ವಿಧಿಯ ಪ್ರಕಾರ ಘೋಷಣೆ ಮಾಡುವವರು ರಾಷ್ಟ್ರಪತಿಯೇ. ಆದರೆ ಘೋಷಿಸಿ ಎಂದು ಪತ್ರ ಬರೆದು ಕಳಿಸಿದ್ದು ಪ್ರಧಾನಿ, ಅಂದರೆ ಈಗ ಮಾತಾಡುತ್ತಿರುವವರು. ಅವರು ಈ ವಾಕ್ಯದಲ್ಲಿ ಇಲ್ಲ. ಬದಲಿಸಿ ನೋಡುವುದು ಇಲ್ಲಿ ಒಳ್ಳೆಯ ವಿಧಾನ. "ನನ್ನ ಸಲಹೆಯ ಮೇಲೆ ರಾಷ್ಟ್ರಪತಿಯವರು ತುರ್ತು ಪರಿಸ್ಥಿತಿ ಘೋಷಿಸಿದ್ದಾರೆ" ಎಂದು ಬರೆದು ಓದಿ. ಇದೂ ಅಷ್ಟೇ ನಿಜ. ಆದರೆ ಕೇಳಿದವರ ಮುಂದಿನ ಪ್ರಶ್ನೆ ಬೇರೆಯಾಗುತ್ತದೆ: ನೀವು ಯಾಕೆ ಸಲಹೆ ಕೊಟ್ಟಿರಿ? ಎರಡು ನಿಜವಾದ ವಾಕ್ಯಗಳಲ್ಲಿ ಒಂದನ್ನು ಆರಿಸಿಕೊಂಡಾಗ ಏನು ಬದಲಾಗುತ್ತದೆ ಎಂದು ತೋರಿಸಿದರೆ ವಿಶ್ಲೇಷಣೆ ಶುರುವಾಯಿತು ಎಂದರ್ಥ. ಸುಳ್ಳು ಹಿಡಿಯುವುದು ಪತ್ರಕರ್ತರ ಕೆಲಸ, ಅದು ಬೇರೆ.

ಕಾನೂನು ಆಮೇಲೆ ಈ ಜಾಗವನ್ನೇ ತುಂಬಿತು. 1978ರ 44ನೇ ತಿದ್ದುಪಡಿಯಲ್ಲಿ, ಸಚಿವ ಸಂಪುಟದ ನಿರ್ಧಾರ ಬರಹದಲ್ಲಿ ಬರದೆ ರಾಷ್ಟ್ರಪತಿ ಇಂಥ ಘೋಷಣೆ ಮಾಡುವಂತಿಲ್ಲ ಎಂದು ಸೇರಿಸಿದರು. ಈ ಹಿನ್ನೆಲೆ ಗೊತ್ತಿದ್ದರೆ, ಕರ್ತೃ ಯಾರು ಎಂಬ ಪ್ರಶ್ನೆ ಬರೀ ವ್ಯಾಕರಣದ ಪಾಠ ಅಲ್ಲ ಎಂದು ನಿಮ್ಮ ಓದುಗರಿಗೂ ಗೊತ್ತಾಗುತ್ತದೆ.

ಮೂರನೇ ವಾಕ್ಯ ಇಡೀ ಭಾಷಣದ ಬೆನ್ನೆಲುಬು. "ಭಾರತದ ಸಾಮಾನ್ಯ ಗಂಡಸು, ಹೆಂಗಸರಿಗೆ ಅನುಕೂಲವಾಗುವ ಕೆಲವು ಪ್ರಗತಿಪರ ಕ್ರಮಗಳನ್ನು ನಾನು ತರಲು ಶುರು ಮಾಡಿದಾಗಿನಿಂದ ಹೊಗೆಯಾಡುತ್ತಿರುವ ಆಳವಾದ, ವ್ಯಾಪಕವಾದ ಪಿತೂರಿಯ ಬಗ್ಗೆ ನಿಮಗೆಲ್ಲ ಗೊತ್ತೇ ಇದೆ ಎಂದು ನಂಬಿದ್ದೇನೆ." ಇಲ್ಲಿ ನಿಧಾನವಾಗಿ ನಿಲ್ಲಿ. ಈ ವಾಕ್ಯ ನೇರವಾಗಿ ಹೇಳುತ್ತಿರುವುದು ಏನು? "ನಿಮಗೆ ಗೊತ್ತಿದೆ ಎಂದು ನಂಬಿದ್ದೇನೆ", ಅಷ್ಟೇ. ಪಿತೂರಿ ಇದೆ ಎಂದು ಎಲ್ಲೂ ವಾದಿಸಿಲ್ಲ. ಪಿತೂರಿ ಇರುವುದು ಮೊದಲೇ ಇತ್ಯರ್ಥವಾದ ವಿಷಯ, ನಿಮಗೆ ಅದು ಗೊತ್ತಿದೆಯೇ ಎಂಬುದಷ್ಟೇ ಈಗಿನ ಮಾತು ಎನ್ನುವಂತೆ ವಾಕ್ಯ ಕಟ್ಟಿದೆ.

ಇದನ್ನು ಪರೀಕ್ಷೆ ಮಾಡಲು ಭಾಷಾಶಾಸ್ತ್ರದಲ್ಲಿ ಒಂದು ಹಳೆಯ ಉಪಾಯವಿದೆ. ವಾಕ್ಯವನ್ನು ನಿಷೇಧಕ್ಕೆ ತಿರುಗಿಸಿ. "ಪಿತೂರಿಯ ಬಗ್ಗೆ ನಿಮಗೆ ಗೊತ್ತಿಲ್ಲ." ನೋಡಿ, ಪಿತೂರಿ ಹಾಗೇ ಉಳಿಯಿತು. ಪ್ರಶ್ನೆಯಾಗಿ ತಿರುಗಿಸಿ. "ಪಿತೂರಿಯ ಬಗ್ಗೆ ನಿಮಗೆ ಗೊತ್ತಿದೆಯೇ?" ಆಗಲೂ ಉಳಿಯಿತು. ವಾಕ್ಯವನ್ನು ಹೇಗೆ ತಿರುಗಿಸಿದರೂ ಅಲ್ಲಾಡದೆ ಕೂತಿರುವ ಭಾಗವೇ ಮಾತಾಡುವವರು ಮೊದಲೇ ಒಪ್ಪಿಸಿಟ್ಟ ಭಾಗ. ಕೇಳುವವರು ಅದನ್ನು ಪ್ರಶ್ನಿಸಬೇಕಾದರೆ ಮಾತಿನ ಓಟವನ್ನೇ ನಿಲ್ಲಿಸಿ, "ತಾಳಿ, ಯಾವ ಪಿತೂರಿ?" ಎನ್ನಬೇಕು. ರೇಡಿಯೊ ಕೇಳುತ್ತಿರುವವರಿಗೆ ಆ ಅವಕಾಶ ಇಲ್ಲ. ಅದರ ಮೇಲೆ "ನಿಮಗೆಲ್ಲ" ಎಂಬ ಮಾತು ಬೇರೆ. ಗೊತ್ತಿಲ್ಲ ಎನ್ನುವವರು ಎಲ್ಲರಿಂದ ಹೊರಗೆ ನಿಂತಂತೆ ಆಗುತ್ತದೆ.

ಅದೇ ವಾಕ್ಯದಲ್ಲಿ "ಶುರು ಮಾಡಿದಾಗಿನಿಂದ" ಎಂಬುದನ್ನೂ ಗುರುತು ಹಾಕಿ. ಅದು ಬರೀ ಕಾಲ ಹೇಳುವ ಮಾತು. ಕಾರಣ ಹೇಳುವ ಮಾತಲ್ಲ. ಆದರೂ ಕೇಳಿದವರು ಕಾರಣವನ್ನೇ ಕೇಳಿಸಿಕೊಳ್ಳುತ್ತಾರೆ: ಬಡವರಿಗೆ ಒಳ್ಳೆಯದು ಮಾಡಲು ಹೋದದ್ದಕ್ಕೇ ಪಿತೂರಿ ಶುರುವಾಯಿತು. ಈ ಮಾತು ಯಾವ ನೆನಪನ್ನು ಎಬ್ಬಿಸುತ್ತದೆ ಎಂಬುದೂ ಮುಖ್ಯ. 1971ರ ಚುನಾವಣೆಯಲ್ಲಿ ಎದುರಾಳಿಗಳ ಕೂಗು "ಇಂದಿರಾ ಹಟಾವೋ" ಆಗಿತ್ತು. ಅವರು ಇಂದಿರಾ ಹಟಾವೋ ಅನ್ನುತ್ತಾರೆ, ನಾನು ಗರೀಬಿ ಹಟಾವೋ ಅನ್ನುತ್ತೇನೆ ಎಂಬ ಉತ್ತರದಿಂದ ಇಂದಿರಾ ಆ ಚುನಾವಣೆ ಗೆದ್ದಿದ್ದರು. ತನ್ನ ಮೇಲಿನ ದಾಳಿಯನ್ನು ಬಡವರ ಮೇಲಿನ ದಾಳಿಯಾಗಿ ತಿರುಗಿಸುವ ಪಟ್ಟು ಜನರಿಗೆ ಆಗಲೇ ಪರಿಚಯವಿತ್ತು. 1975ರಲ್ಲಿ ಅದನ್ನು ಮತ್ತೆ ವಿವರಿಸುವ ಅಗತ್ಯವೇ ಇರಲಿಲ್ಲ, ಒಂದು ಎಳೆ ಎಳೆದರೆ ಸಾಕಿತ್ತು. ಒಂದು ಭಾಷಣ ಹಳೆಯ ಮಾತುಗಳ ಮೇಲೆ ಹೀಗೆ ಒರಗಿಕೊಂಡು ನಿಂತಿರುತ್ತದೆ. ಆ ಹಳೆಯ ಮಾತನ್ನು ಹುಡುಕಿ ತೋರಿಸುವುದೂ ನಿಮ್ಮ ಕೆಲಸವೇ.

ಮುಂದಿನ ಐದಾರು ವಾಕ್ಯಗಳು ಎದುರಾಳಿಗಳ ಬಗ್ಗೆ. "ಪ್ರಜಾಪ್ರಭುತ್ವದ ಹೆಸರಿನಲ್ಲಿ ಪ್ರಜಾಪ್ರಭುತ್ವದ ಕೆಲಸವನ್ನೇ ಇಲ್ಲವಾಗಿಸಲು ಯತ್ನಿಸಲಾಗಿದೆ." "ಸರಿಯಾಗಿ ಆಯ್ಕೆಯಾದ ಸರ್ಕಾರಗಳಿಗೆ ಕೆಲಸ ಮಾಡಲು ಬಿಡಲಾಗಿಲ್ಲ, ಕೆಲವು ಕಡೆ ಸದಸ್ಯರಿಂದ ರಾಜೀನಾಮೆ ಕೊಡಿಸಲು ಬಲ ಬಳಸಲಾಗಿದೆ." "ಚಳವಳಿಗಳು ವಾತಾವರಣವನ್ನು ಕಾವೇರಿಸಿವೆ, ಅದರಿಂದ ಹಿಂಸೆಯ ಘಟನೆಗಳು ನಡೆದಿವೆ." ಪಕ್ಕದ ಖಾನೆಯಲ್ಲಿ ಕರ್ತೃವನ್ನು ಬರೆಯುತ್ತಾ ಹೋಗಿ. ಮೊದಲೆರಡರಲ್ಲಿ ಕರ್ತೃವೇ ಇಲ್ಲ, ಕರ್ಮಣಿ ಪ್ರಯೋಗ. ಮೂರನೆಯದರಲ್ಲಿ ಕರ್ತೃ ಮನುಷ್ಯರಲ್ಲ, "ಚಳವಳಿಗಳು". ಸ್ವಲ್ಪ ಮುಂದೆ "ಕೆಲವು ವ್ಯಕ್ತಿಗಳು ನಮ್ಮ ಸೇನೆಯನ್ನು ದಂಗೆ ಏಳಲು, ಪೊಲೀಸರನ್ನು ಬಂಡಾಯ ಏಳಲು ಪ್ರಚೋದಿಸುವ ಮಟ್ಟಕ್ಕೆ ಹೋಗಿದ್ದಾರೆ" ಎಂದು ಬರುತ್ತದೆ. ಆಮೇಲೆ "ಒಡೆಯುವ ಶಕ್ತಿಗಳು". ಇಡೀ ಭಾಷಣದಲ್ಲಿ ಜಯಪ್ರಕಾಶ್ ನಾರಾಯಣ್ ಎಂಬ ಹೆಸರು ಒಂದು ಸಲವೂ ಬರುವುದಿಲ್ಲ. ಸೇನೆ, ಪೊಲೀಸರ ಕುರಿತ ಆ ವಾಕ್ಯ ಬೆರಳು ತೋರಿಸುವುದು ಹಿಂದಿನ ಸಂಜೆಯ ಅವರ ಭಾಷಣದಂಥ ಕರೆಯ ಕಡೆಗೇ. ಆದರೆ ಅವರು ಇಟ್ಟಿದ್ದ ಷರತ್ತು, ಅಂದರೆ ಕಾನೂನಿಗೆ ವಿರುದ್ಧವಾದ ಆದೇಶವಾದರೆ ಎಂಬುದು, ಇಲ್ಲಿ ಉದುರಿಹೋಗಿದೆ.

ಹೆಸರು ಹೇಳದಿದ್ದರಿಂದ ಏನಾಯಿತು? ಜೆ.ಪಿ. ಎಂದಿದ್ದರೆ ಕೇಳುವವರ ಕಣ್ಣ ಮುಂದೆ 1942ರ ಹೋರಾಟದಲ್ಲಿದ್ದ, ಅಧಿಕಾರ ಬೇಡ ಎಂದಿದ್ದ ಒಬ್ಬ ಮುದುಕರು ಬಂದು ನಿಲ್ಲುತ್ತಿದ್ದರು. ಪಿತೂರಿ, ಶಕ್ತಿ ಎಂದರೆ ಯಾರ ಮುಖವೂ ಬರುವುದಿಲ್ಲ. ಮುಖ ಇಲ್ಲದ ವೈರಿಗೆ ಉತ್ತರ ಕೊಡುವ ಬಾಯಿಯೂ ಇರುವುದಿಲ್ಲ. ನನಗೆ ಈ ಭಾಷಣದಲ್ಲಿ ಅತ್ಯಂತ ಪರಿಣಾಮಕಾರಿ ಅನ್ನಿಸುವುದು ಈ ಭಾಗ.

ಹಾಗಾದರೆ ಯಾರ ಹೆಸರೂ ಇಲ್ಲವೇ? ಒಂದೇ ಒಂದು ಇದೆ: ಎಲ್.ಎನ್. ಮಿಶ್ರಾ. ರೈಲ್ವೆ ಸಚಿವರಾಗಿದ್ದ ಅವರು 1975ರ ಜನವರಿಯಲ್ಲಿ ಬಿಹಾರದ ಸಮಸ್ತಿಪುರದ ಬಾಂಬ್ ಸ್ಫೋಟದಲ್ಲಿ ಗಾಯಗೊಂಡು ತೀರಿಕೊಂಡಿದ್ದರು. ಅದರ ಬೆನ್ನಿಗೇ ಭಾರತದ ಮುಖ್ಯ ನ್ಯಾಯಮೂರ್ತಿಗಳ ಮೇಲಿನ ದಾಳಿಯ ಮಾತು ಬರುತ್ತದೆ. ಅದು ಆ ವರ್ಷದ ಮಾರ್ಚಿನಲ್ಲಿ ನ್ಯಾಯಮೂರ್ತಿ ಎ.ಎನ್. ರೇ ಅವರ ಕಾರಿನೊಳಗೆ ಗ್ರೆನೇಡ್ ಎಸೆದ ಘಟನೆ. ಅಂದರೆ ಗುರುತು ಸಿಗುವ ಮನುಷ್ಯರು ಏಟು ತಿಂದವರು ಮಾತ್ರ. ಏಟು ಹಾಕಿದವರಿಗೆ ಗುರುತಿಲ್ಲ. ಈ ಎರಡು ವಾಕ್ಯಗಳು ಎಲ್ಲಿ ಕೂತಿವೆ ಎಂಬುದನ್ನು ಗಮನಿಸಿ. ಹಿಂದೆ ಚಳವಳಿಗಳ ಮಾತು, ಮುಂದೆ ಸೇನೆಯನ್ನು ಪ್ರಚೋದಿಸಿದವರ ಮಾತು. ಮಧ್ಯೆ ಕೊಲೆ. ಚಳವಳಿಗಾರರೇ ಕೊಂದರು ಎಂದು ಭಾಷಣ ಹೇಳಿಲ್ಲ. ಈ ವಾಕ್ಯಗಳ ನಡುವೆ "ಆದ್ದರಿಂದ" ಎಂಬ ಪದ ಇಲ್ಲ. ಅಕ್ಕಪಕ್ಕ ಇಟ್ಟು ಬಿಟ್ಟಿದೆ, ಅಷ್ಟೇ. ಸೇರಿಸಿಕೊಳ್ಳುವ ಕೆಲಸ ಕೇಳುವವರದ್ದು. ನಿಮ್ಮ ಬರಹದಲ್ಲಿ ಈ ವ್ಯತ್ಯಾಸವನ್ನು ಬಹಳ ಹುಷಾರಾಗಿ ಕಾಪಾಡಿ. "ಭಾಷಣ ಚಳವಳಿಗಾರರ ಮೇಲೆ ಕೊಲೆ ಆರೋಪ ಹೊರಿಸಿತು" ಎಂದರೆ ಅದು ತಪ್ಪು. "ಕೊಲೆಯ ಮಾತನ್ನು ಚಳವಳಿಯ ಮಾತಿನ ಪಕ್ಕ ಇಟ್ಟಿತು, ಸಂಬಂಧವನ್ನು ಹೇಳದೆ ಬಿಟ್ಟಿತು" ಎಂದರೆ ಸರಿ.

ಇಲ್ಲಿ ಬಹಳ ವಿದ್ಯಾರ್ಥಿಗಳು ಎಡವುತ್ತಾರೆ. ಕರ್ಮಣಿ ಪ್ರಯೋಗ ಕಂಡರೆ ಸಾಕು, ಮುಚ್ಚಿಡುತ್ತಿದ್ದಾರೆ ಎಂದು ಬರೆದುಬಿಡುತ್ತಾರೆ. ಹಾಗಲ್ಲ. ಮಾಡಿದವರು ಯಾರೆಂದು ಎಲ್ಲರಿಗೂ ಗೊತ್ತಿದ್ದರೂ, ಹೇಳಿ ಪ್ರಯೋಜನ ಇಲ್ಲದಿದ್ದರೂ ಕರ್ಮಣಿ ಬರುತ್ತದೆ. ಸರ್ಕಾರಿ ಭಾಷೆಯಲ್ಲಂತೂ ಅದು ದಿನನಿತ್ಯದ ರೂಢಿ. ಒಂದು ವಾಕ್ಯ ಏನನ್ನೂ ಸಾಬೀತು ಮಾಡುವುದಿಲ್ಲ. ಇಡೀ ಭಾಷಣದಲ್ಲಿ ಅದು ಹೇಗೆ ಹಂಚಿಹೋಗಿದೆ ಎಂದು ನೋಡಬೇಕು. ಈ ಭಾಷಣದ ಕೊನೆಯ ಭಾಗಕ್ಕೆ ಹೋಗಿ. "ಕಳೆದ ಕೆಲವು ತಿಂಗಳಲ್ಲಿ ನಾವು ತೆಗೆದುಕೊಂಡ ದೃಢವಾದ ಕ್ರಮ ಬೆಲೆ ಏರಿಕೆಯನ್ನು ಬಹುಮಟ್ಟಿಗೆ ತಡೆದಿದೆ." "ಆರ್ಥಿಕತೆಯನ್ನು ಬಲಪಡಿಸುವ ಇನ್ನಷ್ಟು ಕ್ರಮಗಳನ್ನು ನಾವು ಯೋಚಿಸುತ್ತಿದ್ದೇವೆ." "ಅವನ್ನು ಬೇಗ ಪ್ರಕಟಿಸುತ್ತೇನೆ." ಇಲ್ಲಿ "ನಾವು", "ನಾನು" ತಟ್ಟನೆ ಹಾಜರು. ಒಳ್ಳೆಯ ಕೆಲಸಕ್ಕೆ ಕರ್ತೃ ಇದೆ. ಎದುರಾಳಿಗಳ ಕೆಲಸಕ್ಕೆ ಮುಖವಿಲ್ಲದ ಕರ್ತೃ, ಅಥವಾ ಕರ್ತೃವೇ ಇಲ್ಲ. ಘೋಷಣೆಗೆ ಮಾತ್ರ ಕರ್ತೃ ರಾಷ್ಟ್ರಪತಿ. ಈ ಹಂಚಿಕೆ ನಿಮ್ಮ ಸಾಕ್ಷ್ಯ. ಇದು ನಿಮ್ಮ ರಾಜಕೀಯ ಅಭಿಪ್ರಾಯ ಅಲ್ಲ, ನಿಮಗೆ ವಿರುದ್ಧವಾದ ಅಭಿಪ್ರಾಯ ಇರುವವರು ಎಣಿಸಿದರೂ ಅದೇ ಸಿಗುತ್ತದೆ.

ಈಗ ಭಾಷಣದ ತಿರುವು. "ನನ್ನ ಮೇಲೆ ಎಲ್ಲ ಬಗೆಯ ಸುಳ್ಳು ಆರೋಪಗಳನ್ನು ಎಸೆಯಲಾಗಿದೆ. ಭಾರತದ ಜನರಿಗೆ ನಾನು ಬಾಲ್ಯದಿಂದಲೂ ಗೊತ್ತು. ನನ್ನ ಬದುಕೆಲ್ಲ ನಮ್ಮ ಜನರ ಸೇವೆಯಲ್ಲೇ ಕಳೆದಿದೆ. ಇದು ವೈಯಕ್ತಿಕ ವಿಷಯ ಅಲ್ಲ. ನಾನು ಪ್ರಧಾನಿಯಾಗಿ ಉಳಿಯುತ್ತೇನೋ ಇಲ್ಲವೋ ಮುಖ್ಯವಲ್ಲ. ಆದರೆ ಪ್ರಧಾನಿ ಎಂಬ ಸಂಸ್ಥೆ ಮುಖ್ಯ."

ಎರಡನೇ ಹಾಳೆಯನ್ನು ಈಗ ಪಕ್ಕಕ್ಕೆ ಇಟ್ಟುಕೊಳ್ಳಿ. ಹದಿನಾಲ್ಕು ದಿನದ ಹಿಂದೆ ಒಂದು ಹೈಕೋರ್ಟ್ ತೀರ್ಪು ಬಂದಿತ್ತು. ಎರಡು ದಿನದ ಹಿಂದೆ ಸುಪ್ರೀಂ ಕೋರ್ಟಿನ ಆದೇಶ ಬಂದಿತ್ತು. ದೇಶವೆಲ್ಲ ಮಾತಾಡುತ್ತಿದ್ದುದು ಅದರ ಬಗ್ಗೆಯೇ. ಭಾಷಣದಲ್ಲಿ ಹೈಕೋರ್ಟ್ ಇಲ್ಲ, ತೀರ್ಪು ಇಲ್ಲ, ರಾಯ್‌ಬರೇಲಿ ಇಲ್ಲ. ಆ ವಿಷಯಕ್ಕೆ ತೀರ ಹತ್ತಿರ ಬರುವ ಮಾತು "ಎಸೆಯಲಾದ ಸುಳ್ಳು ಆರೋಪಗಳು". ಆರೋಪ ಎಂದರೆ ಇನ್ನೂ ತೀರ್ಮಾನವಾಗದ್ದು. ಎಸೆಯುವುದು ಎಂದರೆ ಬೀದಿಯಲ್ಲಿ ನಡೆಯುವುದು. ತೀರ್ಪು ಹಾಗಲ್ಲ, ಅದು ನ್ಯಾಯಾಲಯದ ಪೀಠದಿಂದ ಬರುತ್ತದೆ. ತೀರ್ಪಿನ ಬಗ್ಗೆ ಒಂದು ಮಾತೂ ಇಲ್ಲದ ಕಡೆ, ಆರೋಪ ಎಂಬ ಮಾತು ಅದನ್ನೂ ಒಳಗೆ ಹಾಕಿಕೊಳ್ಳಬಲ್ಲದು. ಸುಪ್ರೀಂ ಕೋರ್ಟಿನಲ್ಲಿ ಮೇಲ್ಮನವಿ ಇನ್ನೂ ಬಾಕಿ ಇತ್ತು, ಹಾಗಾಗಿ ತೀರ್ಪು ತಪ್ಪು ಎಂದು ವಾದಿಸುವ ಹಕ್ಕು ಅವರಿಗೆ ಖಂಡಿತ ಇತ್ತು. ಭಾಷಣ ಆ ವಾದವನ್ನು ಮಾಡಿಲ್ಲ, ವಿಷಯವನ್ನೇ ಎತ್ತಿಲ್ಲ.

ಆಮೇಲೆ "ನಾನು"ವಿನಿಂದ "ಪ್ರಧಾನಿ ಎಂಬ ಸಂಸ್ಥೆ"ಗೆ ದಾಟುವುದನ್ನು ನೋಡಿ. ಹೈಕೋರ್ಟಿನಲ್ಲಿ ಇದ್ದದ್ದು ಒಬ್ಬ ಅಭ್ಯರ್ಥಿ, ಒಂದು ಕ್ಷೇತ್ರ, ಒಂದು ಚುನಾವಣೆ. ತೀರ್ಪು ಪ್ರಧಾನಿ ಹುದ್ದೆಯ ಬಗ್ಗೆ ಇರಲಿಲ್ಲ, ಸಂಸದರಾಗಿ ಅವರ ಆಯ್ಕೆಯ ಬಗ್ಗೆ ಇತ್ತು. ಭಾಷಣದಲ್ಲಿ ಅಭ್ಯರ್ಥಿ ಮಾಯವಾಗಿ ಸಂಸ್ಥೆ ಬಂತು. ಸಂಸ್ಥೆಯ ಮಾನ ಕಳೆಯುವುದು "ಪ್ರಜಾಪ್ರಭುತ್ವಕ್ಕೂ ರಾಷ್ಟ್ರಕ್ಕೂ ಹಿತವಲ್ಲ" ಎಂದು ಆ ವಾಕ್ಯ ಮುಗಿಯುತ್ತದೆ. ವ್ಯಕ್ತಿ, ಹುದ್ದೆ, ಪ್ರಜಾಪ್ರಭುತ್ವ, ರಾಷ್ಟ್ರ. ನಾಲ್ಕೈದು ವಾಕ್ಯದಲ್ಲಿ ನಾಲ್ಕು ಮೆಟ್ಟಿಲು. ಇಷ್ಟು ಆದ ಮೇಲೆ ಆ ವ್ಯಕ್ತಿಯ ವಿರುದ್ಧ ಮಾತಾಡುವುದು ರಾಷ್ಟ್ರದ ವಿರುದ್ಧ ಮಾತಾಡಿದಂತೆ ಕೇಳಿಸುವ ಜಾಗ ಸಿದ್ಧವಾಯಿತು. ಭಾಷೆ ಸಾಮಾಜಿಕ ಅರ್ಥ ಕಟ್ಟುತ್ತದೆ ಎಂದು ಪುಸ್ತಕಗಳಲ್ಲಿ ಬರೆದಿರುವುದು ಇದನ್ನೇ. ಒಂದು ಚುನಾವಣಾ ತಕರಾರು ದೇಶದ ಭದ್ರತೆಯ ವಿಷಯವಾಗಿ ಬೇರೆ ಪೆಟ್ಟಿಗೆಗೆ ಹೋಯಿತು. ಪೆಟ್ಟಿಗೆ ಬದಲಾದರೆ ಅದಕ್ಕೆ ತಕ್ಕ ಕ್ರಮವೂ ಬದಲಾಗುತ್ತದೆ: ಮೊದಲನೆಯದಕ್ಕೆ ಮೇಲ್ಮನವಿ ಸಾಕು, ಎರಡನೆಯದಕ್ಕೆ ತುರ್ತು ಪರಿಸ್ಥಿತಿ ಬೇಕು.

ಇದಾದ ಕೂಡಲೇ "ನಾವು" ಬರುತ್ತದೆ. "ಈ ಬೆಳವಣಿಗೆಗಳನ್ನು ನಾವು ಬಹಳ ಕಾಲ ತಾಳ್ಮೆಯಿಂದ ನೋಡಿದ್ದೇವೆ." ಈ ನಾವು ಯಾರು? ಸರ್ಕಾರವೇ? ಸಂಪುಟವೇ? ಕೇಳುತ್ತಿರುವ ನಾವೂ ಸೇರಿದ್ದೇವೆಯೇ? ಇಂಗ್ಲಿಷಿನಲ್ಲಾಗಲಿ ಕನ್ನಡದಲ್ಲಾಗಲಿ ಇದನ್ನು ಹೇಳದೆ ನಿಭಾಯಿಸಬಹುದು. ತುಳುವಿನಲ್ಲಿ ಆಗುವುದಿಲ್ಲ. ಅಲ್ಲಿ ಕೇಳುವವರನ್ನು ಸೇರಿಸಿದರೆ "ನಮ", ಬಿಟ್ಟರೆ "ಎಂಕುಲು". ಮಂಗಳೂರಿನ ಯಾರಾದರೂ ಈ ಭಾಷಣವನ್ನು ತುಳುವಿನಲ್ಲಿ ಹೇಳಬೇಕಾಗಿದ್ದರೆ, ಪ್ರತಿ "ನಾವು" ಬಂದಾಗಲೂ ಒಂದು ತೀರ್ಮಾನ ಮಾಡಲೇಬೇಕಿತ್ತು. ನೀವೂ ಹಾಗೇ ಮಾಡಿ. ಪ್ರತಿ "ನಾವು" ಪಕ್ಕದಲ್ಲಿ, ಕೇಳುಗರು ಒಳಗೋ ಹೊರಗೋ ಎಂದು ಬರೆಯಿರಿ. ಎಲ್ಲಿ ತೀರ್ಮಾನ ಮಾಡಲಾಗುವುದಿಲ್ಲವೋ ಅಲ್ಲಿ ಪ್ರಶ್ನೆ ಚಿಹ್ನೆ ಹಾಕಿ. ಆ ಪ್ರಶ್ನೆ ಚಿಹ್ನೆಗಳು ಎಲ್ಲಿ ಜಾಸ್ತಿ ಬಿದ್ದಿವೆ ಎಂಬುದೇ ಒಂದು ಕಾಣ್ಕೆ.

ಕೊನೆಯ ಭಾಗದಲ್ಲಿ ಒಂದು ಭರವಸೆ ಇದೆ. "ಹೊಸ ಘೋಷಣೆಯಿಂದ ಕಾನೂನು ಪಾಲಿಸುವ ನಾಗರಿಕರ ಹಕ್ಕುಗಳಿಗೆ ಯಾವ ರೀತಿಯಲ್ಲೂ ಧಕ್ಕೆಯಾಗುವುದಿಲ್ಲ." ಇಲ್ಲಿ ತೂಕವೆಲ್ಲ "ಕಾನೂನು ಪಾಲಿಸುವ" ಎಂಬ ವಿಶೇಷಣದ ಮೇಲಿದೆ. ಅದನ್ನು ತೆಗೆದು ಓದಿ: ನಾಗರಿಕರ ಹಕ್ಕುಗಳಿಗೆ ಧಕ್ಕೆಯಾಗುವುದಿಲ್ಲ. ಈಗ ಅದು ಎಲ್ಲರಿಗೂ ಕೊಟ್ಟ ಮಾತು. ವಿಶೇಷಣ ಸೇರಿಸಿದರೆ ನಾಗರಿಕರು ಎರಡು ಗುಂಪಾದರು. ಕಾನೂನು ಪಾಲಿಸುವವರು ಯಾರು ಎಂದು ತೀರ್ಮಾನಿಸುವವರು ಯಾರು? ಮಾಮೂಲಾಗಿ ನ್ಯಾಯಾಲಯ. ಆದರೆ ಮರುದಿನ, ಜೂನ್ 27ರಂದು, 359ನೇ ವಿಧಿಯಡಿ ರಾಷ್ಟ್ರಪತಿಯ ಆದೇಶ ಬಂತು. 14, 21 ಮತ್ತು 22ನೇ ವಿಧಿಗಳ ಹಕ್ಕುಗಳಿಗಾಗಿ ಯಾರೂ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಎಂದು. ಸಮಾನತೆ, ಜೀವ ಮತ್ತು ಸ್ವಾತಂತ್ರ್ಯ, ಬಂಧನದ ವಿರುದ್ಧ ರಕ್ಷಣೆ, ಇವು ಆ ಮೂರು ವಿಧಿಗಳು. ಆದೇಶದಲ್ಲಿ "ಕಾನೂನು ಪಾಲಿಸುವ" ಎಂಬ ವಿಂಗಡಣೆ ಇರಲಿಲ್ಲ, ಅದು ಎಲ್ಲರಿಗೂ ಅನ್ವಯಿಸಿತು. ಇನ್ನು ಮುಂದೆ ಪೊಲೀಸರು ಯಾರನ್ನು ಒಳಗೆ ಹಾಕುತ್ತಾರೋ ಅವರು ಕಾನೂನು ಪಾಲಿಸದವರು ಎಂದಾಯಿತು.

ನಮ್ಮ ಊರಿನ ಉದಾಹರಣೆಯೇ ಇದೆ. ಅಟಲ್ ಬಿಹಾರಿ ವಾಜಪೇಯಿ ಮತ್ತು ಲಾಲ್ ಕೃಷ್ಣ ಅಡ್ವಾಣಿ ಆ ದಿನ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದರು. ಜೂನ್ 26ರ ಬೆಳಗ್ಗೆಯೇ ಬಂಧನವಾಗಿ ಬೆಂಗಳೂರಿನ ಜೈಲು ಸೇರಿದರು. ಸಂಸತ್ತಿನ ಕೆಲಸಕ್ಕೆ ಬಂದ ಸಂಸದರು ಕಾನೂನು ಪಾಲಿಸುವವರ ಗುಂಪಿಗೆ ಸೇರುತ್ತಾರೋ ಇಲ್ಲವೋ? ಅವರು ತಮ್ಮ ಬಂಧನವನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಬೇರೆ ಬೇರೆ ರಾಜ್ಯಗಳ ಇಂಥ ಪ್ರಕರಣಗಳನ್ನು ಒಟ್ಟಿಗೆ ನೋಡಿ, ಬಂಧನ ಸರಿಯೇ ಎಂದು ಪ್ರಶ್ನಿಸುವ ಹಕ್ಕೇ ಈಗ ಇಲ್ಲ ಎಂದಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಒಂದು ವಿಶೇಷಣದ ಹಿಂದೆ ಎಷ್ಟು ದೂರ ಹೋಗಬಹುದು ಎಂದು ತೋರಿಸಲು ಇದನ್ನು ಹೇಳಿದೆ. ಆದರೆ ಒಂದು ಎಚ್ಚರ. ಭಾಷಣ ಮಾಡುವಾಗಲೇ ಅವರ ಮನಸ್ಸಿನಲ್ಲಿ ಮರುದಿನದ ಆದೇಶ ಇತ್ತು, ಬೇಕೆಂದೇ ಆ ವಿಶೇಷಣ ಹಾಕಿದರು ಎಂದು ನಾವು ಹೇಳಲಾಗದು. ವಾಕ್ಯ ಮನಸ್ಸಿನ ಒಳಗನ್ನು ತೋರಿಸುವುದಿಲ್ಲ. ಆ ವಾಕ್ಯ ಯಾವ ಬಾಗಿಲನ್ನು ತೆರೆದಿಟ್ಟಿತ್ತು ಎಂದಷ್ಟೇ ಹೇಳಬಹುದು.

ಇದೇ ರೀತಿ, ಭಾಷಣ ಜನರ ಮೇಲೆ ಏನು ಪರಿಣಾಮ ಮಾಡಿತು ಎಂಬುದನ್ನೂ ಪಠ್ಯ ಓದಿ ಹೇಳಲು ಬರುವುದಿಲ್ಲ. 1977ರ ಮಾರ್ಚಿನ ಲೋಕಸಭೆ ಚುನಾವಣೆ ನೋಡಿ. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು, ರಾಯ್‌ಬರೇಲಿಯಲ್ಲಿ ಇಂದಿರಾ ಅವರೇ ಸೋತರು. ಕರ್ನಾಟಕದಲ್ಲಿ ಅದೇ ಕಾಂಗ್ರೆಸ್ 28ರಲ್ಲಿ 26 ಗೆದ್ದಿತು. ಎಲ್ಲರೂ ಕೇಳಿದ್ದು ಅದೇ ಭಾಷಣ, ಬದುಕಿದ್ದು ಅದೇ ತುರ್ತು ಪರಿಸ್ಥಿತಿ. ಆದರೂ ಫಲಿತಾಂಶ ಬೇರೆ, ಯಾಕೆಂದರೆ ಪ್ರತಿ ರಾಜ್ಯದಲ್ಲೂ ಸರ್ಕಾರ ಏನು ಮಾಡಿತ್ತು, ಬಂಧನ, ಸಂತಾನಹರಣ ಚಿಕಿತ್ಸೆಯ ಒತ್ತಾಯ ಎಷ್ಟಿತ್ತು ಎಂಬುದು ಬೇರೆ ಬೇರೆ ಇತ್ತು. "ಈ ಭಾಷಣ ಜನರನ್ನು ಮರುಳು ಮಾಡಿತು" ಎಂದು ಬರೆಯಬೇಡಿ. ಅದಕ್ಕೆ ನಿಮ್ಮ ಬಳಿ ಸಾಕ್ಷ್ಯ ಇರುವುದಿಲ್ಲ.

ಮಾತಿನ ಹಂಚಿಕೆಯನ್ನು ಮಾತ್ರ ಬಿಡಬೇಡಿ. ಜೂನ್ 25ರ ರಾತ್ರಿ ದೆಹಲಿಯ ಬಹಾದುರ್ ಷಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳಿಗೆ ವಿದ್ಯುತ್ ಕಡಿತವಾಯಿತು. ಪತ್ರಿಕೆಗಳಿಗೆ ಸೆನ್ಸಾರ್ ಬಂತು. ಆಕಾಶವಾಣಿ ಸರ್ಕಾರದ ಕೈಯಲ್ಲೇ ಇತ್ತು. ಆ ಬೆಳಗ್ಗೆ "ಯಾವ ಪಿತೂರಿ?" ಎಂದು ಕೇಳಬೇಕಾದವರು ಜೈಲಿನಲ್ಲಿದ್ದರು. ಮೊದಲೇ ಒಪ್ಪಿಸಿಟ್ಟ ಮಾತು ಗಟ್ಟಿಯಾಗಿ ನಿಲ್ಲುವುದು ವ್ಯಾಕರಣದಿಂದ ಮಾತ್ರ ಅಲ್ಲ, ಎದುರು ಕೇಳುವವರಿಗೆ ಜಾಗ ಇಲ್ಲದಿರುವುದರಿಂದಲೂ.

ನಿಮ್ಮ ಎರಡನೇ ತೊಂದರೆ ಇತ್ತಲ್ಲ, ಬರೆದದ್ದು ರಾಜಕೀಯ ಅಭಿಪ್ರಾಯ ಆಗಿಬಿಡುತ್ತದೆ ಎಂದು. ಅದಕ್ಕೆ ನಾನು ಮಾಡಿಸುವ ಅಭ್ಯಾಸ ಇದು: ಇದೇ ಪ್ರಶ್ನೆಗಳನ್ನು ಎದುರು ಪಕ್ಷದ ಮಾತಿಗೂ ಕೇಳಿ. 1974ರ ಜೂನ್ 5ರಂದು ಪಟ್ನಾದಲ್ಲಿ ಜೆ.ಪಿ. ಕೊಟ್ಟ ಕರೆ "ಸಂಪೂರ್ಣ ಕ್ರಾಂತಿ". ಅವರ ಚಳವಳಿಯೂ "ಜನತೆ" ಎಂಬ ಕರ್ತೃವಿನ ಹೆಸರಿನಲ್ಲೇ ಮಾತಾಡಿತು. ಜನತೆ ಬಯಸುತ್ತದೆ, ಜನತೆ ಒಪ್ಪುವುದಿಲ್ಲ. ಆ ಜನತೆಯಲ್ಲಿ ಯಾರಿದ್ದರು? ಕಾಂಗ್ರೆಸ್ಸಿಗೆ ಮತ ಹಾಕಿದ ಬಡವರು ಅದರೊಳಗೋ ಹೊರಗೋ? ಆಯ್ಕೆಯಾದ ಬಿಹಾರ ವಿಧಾನಸಭೆಯನ್ನು ವಿಸರ್ಜಿಸಿ ಎನ್ನುವಾಗ "ಪ್ರಜಾಪ್ರಭುತ್ವ" ಎಂಬ ಮಾತಿಗೆ ಅವರು ಕೊಟ್ಟ ಅರ್ಥ ಯಾವುದು? ಇಂದಿರಾ ಅವರ ಭಾಷಣದ "ಪ್ರಜಾಪ್ರಭುತ್ವದ ಹೆಸರಿನಲ್ಲಿ" ಎಂಬ ವಾಕ್ಯ ಒಂದು ನಿಜವಾದ ಪ್ರಶ್ನೆಯನ್ನು ಮುಟ್ಟುತ್ತದೆ ಎಂದು ಆಗ ಕಾಣುತ್ತದೆ. ಒಬ್ಬರು ಪ್ರಜಾಪ್ರಭುತ್ವ ಎಂದಾಗ ಆಯ್ಕೆಯಾದ ಸರ್ಕಾರದ ಅವಧಿ ಎಂದುಕೊಂಡಿದ್ದರು. ಇನ್ನೊಬ್ಬರು ಬೀದಿಯಲ್ಲಿ ನಿಂತ ಜನರ ಮಾತು ಎಂದುಕೊಂಡಿದ್ದರು. ಎರಡೂ ಕಡೆಯನ್ನು ಒಂದೇ ಅಳತೆಯಲ್ಲಿ ಅಳೆದ ಮೇಲೂ ಒಂದು ಕಡೆಯ ಕೈಯಲ್ಲಿ ಪೊಲೀಸು, ರೇಡಿಯೊ, ಜೈಲು ಇದ್ದವು ಎಂಬ ವ್ಯತ್ಯಾಸ ಉಳಿಯುತ್ತದೆ. ಅದನ್ನೂ ಬರೆಯಿರಿ.

ಇನ್ನು ನೀವು ಕನ್ನಡ ಭಾಷಣವನ್ನೇ ಆರಿಸಿಕೊಂಡಿದ್ದರೆ, ಕರ್ಮಣಿ ಪ್ರಯೋಗ ಹುಡುಕುತ್ತಾ ಕೂರಬೇಡಿ. ಮಾತಿನ ಕನ್ನಡದಲ್ಲಿ ಅದು ಅಪರೂಪ. ನಮ್ಮಲ್ಲಿ ಕರ್ತೃವನ್ನು ಬಿಡುವ ದಾರಿ ಬೇರೆ. ಒಂದು, "ಆಗು" ಮತ್ತು "ಮಾಡು" ಜೋಡಿ. "ಲೋಪವಾಗಿದೆ" ಎಂದರೆ ಅದು ತಾನಾಗಿ ಆದದ್ದು, "ಲೋಪ ಮಾಡಿದ್ದೇವೆ" ಎಂದರೆ ಮಾಡಿದವರಿದ್ದಾರೆ. ಇನ್ನೊಂದು, "ಏರು" ಮತ್ತು "ಏರಿಸು" ಥರದ ಜೋಡಿ. ದರ ಏರಿದೆಯೋ, ದರ ಏರಿಸಿದ್ದಾರೋ? ಭಾಷಣವನ್ನು ಬರೆದುಕೊಂಡು, ಅವರ ಪಕ್ಷದ ಸರ್ಕಾರದ ಬಗ್ಗೆ ಹೇಳುವಾಗ ಯಾವುದು ಬರುತ್ತದೆ, ಎದುರು ಪಕ್ಷದ ಸರ್ಕಾರದ ಬಗ್ಗೆ ಹೇಳುವಾಗ ಯಾವುದು ಬರುತ್ತದೆ ಎಂದು ಎರಡು ಖಾನೆ ಮಾಡಿ ತುಂಬಿ. ವಾಕ್ಯದಲ್ಲಿ ಕರ್ತೃ ಇಲ್ಲದೆ ಕ್ರಿಯಾಪದದ ಕೊನೆಯಲ್ಲಿ ಬರೀ "-ಆರೆ" ಇರುವ ಕಡೆ, "ಹಾಳು ಮಾಡಿದ್ದಾರೆ", "ತುಳಿದಿದ್ದಾರೆ" ಎನ್ನುವ ಕಡೆ, ಆ "ಅವರು" ಯಾರೆಂದು ಭಾಷಣದಲ್ಲಿ ಹಿಂದೆ ಎಲ್ಲಾದರೂ ಹೇಳಿದ್ದಾರೆಯೇ ನೋಡಿ. ಹೇಳಿರದಿದ್ದರೆ ಆ ವಾಕ್ಯದ ಸಂಖ್ಯೆಯನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ. ನಿಮ್ಮ ಪ್ರಬಂಧದ ಮುಖ್ಯ ಭಾಗ ಅಲ್ಲಿಂದ ಶುರುವಾಗಲಿ.